12 ಲಕ್ಷದ ಪ್ಯಾಕೇಜ್ ಅಂದರೆ ತಿಂಗಳಿಗೆ ಕೈಗೆ ಎಷ್ಟು?

ಪ್ರಶ್ನೆ: ಹುಬ್ಬಳ್ಳಿಯಲ್ಲಿ 9 ಲಕ್ಷದ ಪ್ಯಾಕೇಜಿನಲ್ಲಿ ಕೆಲಸ ಮಾಡುತ್ತಿದ್ದೇನೆ. ಕೈಗೆ 69,396 ಬರುತ್ತದೆ, ಪಿಎಫ್ 1,800 ಕಟ್ ಆಗುತ್ತದೆ, ವೇರಿಯಬಲ್ ಇಲ್ಲ. ಅಪ್ಪ ಅಮ್ಮನ ಜೊತೆ ಸ್ವಂತ ಮನೆಯಲ್ಲಿದ್ದೇನೆ. ಪುಣೆಯಿಂದ 12 ಲಕ್ಷದ ಆಫರ್ ಬಂದಿದೆ, ಸಂಬಳದ ಪಟ್ಟಿ ಕೆಳಗೆ ಹಾಕಿದ್ದೇನೆ. ತಿಂಗಳಿಗೆ ಒಂದು ಲಕ್ಷ ಬರುತ್ತದೆ ಅಂತ ಹಿಡಿಯಬಹುದಾ? ಹೋಗಲಾ?

ಬೇಸಿಕ್ 6,00,000
ಎಚ್‌ಆರ್‌ಎ 2,40,000
ಸ್ಪೆಷಲ್ ಅಲೋವೆನ್ಸ್ 1,03,140
ಕಂಪನಿಯ ಪಿಎಫ್ 72,000
ಗ್ರಾಚ್ಯುಟಿ 28,860
ಆರೋಗ್ಯ ವಿಮೆ 12,000
ವೇರಿಯಬಲ್ 1,44,000

ಉತ್ತರ:

ಒಂದು ಲಕ್ಷ ಬರುವುದಿಲ್ಲ. ಈ ಪಟ್ಟಿಯ ಪ್ರಕಾರ ತಿಂಗಳಿಗೆ ನಿಮ್ಮ ಖಾತೆಗೆ ಬರುವುದು 72,395 ರೂಪಾಯಿ. ಅಂದರೆ ಈಗಿನದಕ್ಕಿಂತ ಬರೀ 3 ಸಾವಿರ ಜಾಸ್ತಿ. ಹಾಗಂತ ಆಫರ್ ಕೆಟ್ಟದ್ದು ಅಂತಲ್ಲ. ಉಳಿದ ದುಡ್ಡು ಎಲ್ಲಿದೆ ಅಂತ ನೋಡಿ, ಆಮೇಲೆ ತೀರ್ಮಾನ ಮಾಡಿ.

ನಾನು ವಿಜಯಪುರದವನು. ಪುಣೆಗೆ ಬಂದು ಹನ್ನೊಂದು ವರ್ಷವಾಯಿತು, ಹಿಂಜವಡಿಯಲ್ಲಿ ಕೆಲಸ. ಮೊದಲ ಸಂಬಳ ಬಂದ ದಿನ ಅವ್ವನಿಗೆ ಫೋನ್ ಮಾಡಿ ಎಷ್ಟು ಬಂತು ಅಂತ ಹೇಳಿದೆ. "ಕಾಗದದಾಗ ಬ್ಯಾರೆ ಬರದಿದ್ರಲ್ಲೋ, ಉಳದದ್ದು ಯಾರ್ ತಗೊಂಡ್ರು?" ಅಂತ ಕೇಳಿದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ಅವತ್ತು ರಾತ್ರಿ ಪೇಸ್ಲಿಪ್ಪನ್ನೂ ಆಫರ್ ಲೆಟರನ್ನೂ ಪಕ್ಕಪಕ್ಕ ಇಟ್ಟುಕೊಂಡು ಕೂತೆ. ಅದೇ ಕೆಲಸವನ್ನು ಈಗ ನಿಮ್ಮ ಪಟ್ಟಿಯ ಮೇಲೆ ಮಾಡೋಣ.

ಈ 12 ಲಕ್ಷದ ಪ್ಯಾಕೇಜ್ ಸಿಟಿಸಿ, ಅಂದರೆ ನಿಮ್ಮನ್ನು ಇಟ್ಟುಕೊಳ್ಳಲು ಕಂಪನಿಗೆ ಆಗುವ ಒಟ್ಟು ಖರ್ಚು. ಅದರಲ್ಲಿ ತಿಂಗಳು ತಿಂಗಳು ಸಂಬಳವಾಗಿ ಬರುವುದು ಮೊದಲ ಮೂರು ಸಾಲು ಮಾತ್ರ: ಬೇಸಿಕ್, ಎಚ್‌ಆರ್‌ಎ, ಸ್ಪೆಷಲ್ ಅಲೋವೆನ್ಸ್. ಕೂಡಿದರೆ ವರ್ಷಕ್ಕೆ 9,43,140. ಹನ್ನೆರಡರಿಂದ ಭಾಗಿಸಿದರೆ 78,595. ಪೇಸ್ಲಿಪ್ಪಿನಲ್ಲಿ ಗ್ರಾಸ್ ಅಂತ ಕಾಣುವುದು ಇದೇ. ಇದರಿಂದ ನಿಮ್ಮ ಪಾಲಿನ ಪಿಎಫ್, ಅಂದರೆ ಬೇಸಿಕ್ 50,000ದ ಶೇ. 12, 6,000 ಹೋಗುತ್ತದೆ. ಮಹಾರಾಷ್ಟ್ರದ ವೃತ್ತಿ ತೆರಿಗೆ 200 ಹೋಗುತ್ತದೆ, ಫೆಬ್ರವರಿಯಲ್ಲಿ ಮಾತ್ರ 300. ಉಳಿಯುವುದು 72,395.

ಆದಾಯ ತೆರಿಗೆಯ ಚಿಂತೆ ನಿಮಗೆ ಬೇಡ. 2025-26ರಿಂದ ಹೊಸ ಪದ್ಧತಿಯಲ್ಲಿ ಸಂಬಳದವರಿಗೆ ವರ್ಷಕ್ಕೆ 12.75 ಲಕ್ಷದವರೆಗೆ ತೆರಿಗೆ ಬೀಳುವುದಿಲ್ಲ. ವೇರಿಯಬಲ್ ಪೂರ್ತಿ ಬಂದರೂ ನಿಮ್ಮದು 10.88 ಲಕ್ಷ ದಾಟುವುದಿಲ್ಲ.

ಈಗ ಪಿಎಫ್ ಸಾಲಿಗೆ ಬರೋಣ. ನಿಮ್ಮ ಎರಡು ಕೆಲಸಗಳ ನಡುವಿನ ನಿಜವಾದ ವ್ಯತ್ಯಾಸ ಇಲ್ಲೇ ಇದೆ. ಪಿಎಫ್‌ಗೆ ಕಾನೂನಿನ ಸಂಬಳದ ಮಿತಿ 15,000. ಅದರ ಶೇ. 12 ಅಂದರೆ 1,800. ನಿಮ್ಮ ಹುಬ್ಬಳ್ಳಿ ಕಂಪನಿ ಅಷ್ಟಕ್ಕೇ ನಿಲ್ಲಿಸಿದೆ. ನೀವು 1,800, ಅವರು 1,800, ಒಟ್ಟು 3,600. ಪುಣೆಯವರು ಪೂರ್ತಿ ಬೇಸಿಕ್ ಮೇಲೆ ಲೆಕ್ಕ ಹಾಕಿದ್ದಾರೆ. ನಿಮ್ಮ 6,000, ಅವರ 6,000, ಒಟ್ಟು 12,000. ತಿಂಗಳಿಗೆ 8,400 ಜಾಸ್ತಿ ನಿಮ್ಮ ಹೆಸರಿನಲ್ಲೇ ಕೂಡುತ್ತದೆ. 2024-25ಕ್ಕೆ ಪಿಎಫ್ ಬಡ್ಡಿ ಶೇ. 8.25 ಇತ್ತು. ಬ್ಯಾಂಕಿನ ಎಫ್‌ಡಿಯಲ್ಲಿ ಅಷ್ಟು ಸಿಗುವುದು ಕಷ್ಟ ಅಲ್ವಾ?

ಕಂಪನಿಯ ಪಾಲನ್ನು ಅವರು ಮೇಲಿಂದ ಕೊಡುತ್ತಿಲ್ಲ, ನಿಮ್ಮ 12 ಲಕ್ಷದ ಒಳಗಿನಿಂದಲೇ ಕೊಡುತ್ತಿದ್ದಾರೆ. ಅದಕ್ಕೇ ಪಟ್ಟಿಯಲ್ಲಿ 72,000 ಅಂತ ಬರೆದಿದೆ. ಅದೇ ಪಿಎಫ್‌ನಲ್ಲಿ ನಿಮ್ಮ ಪಾಲಿನ ಇನ್ನೊಂದು 72,000 ಪಟ್ಟಿಯಲ್ಲಿ ಎಲ್ಲೂ ಕಾಣುವುದಿಲ್ಲ. ಅದು ಮೇಲಿನ ಮೂರು ಸಾಲುಗಳೊಳಗೇ ಅಡಗಿದೆ. ಜನ ಲೆಕ್ಕ ತಪ್ಪುವುದು ಇಲ್ಲೇ. ಕಂಪನಿಯ ಪಿಎಫ್ ಕಳೆದು, ಪಿಎಫ್ ಮುಗಿಯಿತು ಅಂದುಕೊಳ್ಳುತ್ತಾರೆ. ಎರಡು ಸಲ ಕಳೆಯಬೇಕು.

ಕೆಲವು ಕಂಪನಿಗಳು ಸೇರುವಾಗ ಪಿಎಫ್ ಅನ್ನು 1,800ಕ್ಕೆ ನಿಲ್ಲಿಸುವ ಆಯ್ಕೆ ಕೊಡುತ್ತವೆ. ನಿಮ್ಮದು ಈಗಾಗಲೇ 1,800 ಇರುವುದರಿಂದ ಕೇಳಿ ನೋಡಬಹುದು. ಒಪ್ಪಿದರೆ ನಿಮ್ಮ ಕಡೆಯ 4,200 ಉಳಿಯುತ್ತದೆ, ಕಂಪನಿ ಕಡೆಯ 4,200 ಸ್ಪೆಷಲ್ ಅಲೋವೆನ್ಸಿಗೆ ಬರಬೇಕು. ಆಗ ಕೈಗೆ 80,795. ಆ ಎರಡನೇ 4,200 ಎಲ್ಲಿಗೆ ಹೋಗುತ್ತದೆ ಅಂತ ಕೇಳಲು ಮರೆಯಬೇಡಿ. ಅದು ಸಂಬಳಕ್ಕೆ ಸೇರದೆ ಹಾಗೇ ಬಿಟ್ಟುಹೋದರೆ ನಿಮ್ಮ ಪ್ಯಾಕೇಜೇ ವರ್ಷಕ್ಕೆ 50 ಸಾವಿರ ಇಳಿದ ಹಾಗೆ. ನಾನಾಗಿದ್ದರೆ ಪೂರ್ತಿ ಪಿಎಫ್ ಇಟ್ಟುಕೊಳ್ಳುತ್ತಿದ್ದೆ. ಕೈಗೆ ಬಂದ 8,400ನ್ನು ಈ ಊರಿನಲ್ಲಿ ಪ್ರತಿ ತಿಂಗಳು ಎತ್ತಿಡುವುದು ನನ್ನಿಂದಂತೂ ಆಗಿರಲಿಲ್ಲ. ಆದರೆ ಊರಲ್ಲಿ ಸಾಲದ ಕಂತು ಇದ್ದರೆ ವಿಷಯ ಬೇರೆ.

ಗ್ರಾಚ್ಯುಟಿಯ 28,860ನ್ನು ಸದ್ಯಕ್ಕೆ ಮರೆತುಬಿಡಿ. ಕಾಯಂ ನೌಕರರಿಗೆ ಅದು ಐದು ವರ್ಷ ಮುಗಿಸಿದ ಮೇಲೆ, ಕೆಲಸ ಬಿಡುವಾಗ ಸಿಗುವ ದುಡ್ಡು. ಮೂರು ವರ್ಷಕ್ಕೆ ಬಿಟ್ಟರೆ ಏನೂ ಸಿಗುವುದಿಲ್ಲ. ವಿಮೆಯ 12 ಸಾವಿರ ನಗದಾಗಿ ಬರುವುದಿಲ್ಲ. ಅಪ್ಪ ಅಮ್ಮ ಆ ಪಾಲಿಸಿಯಲ್ಲಿ ಬರುತ್ತಾರಾ ಅಂತ ಮಾತ್ರ ಕೇಳಿಕೊಳ್ಳಿ.

ಉಳಿದದ್ದು ವೇರಿಯಬಲ್. ಇದರಲ್ಲಿ ನಾನು ಪೆಟ್ಟು ತಿಂದಿದ್ದೇನೆ, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

ನನ್ನ ಎರಡನೇ ಕಂಪನಿಯಲ್ಲಿ ವರ್ಷಕ್ಕೆ 96,000 ವೇರಿಯಬಲ್ ಇತ್ತು. ಏಪ್ರಿಲ್‌ನಿಂದ ಮಾರ್ಚ್‌ವರೆಗೆ ಲೆಕ್ಕ, ದುಡ್ಡು ಕೊಡುವುದು ಜೂನ್ ಸಂಬಳದ ಜೊತೆ. ಆ ವರ್ಷ ಪೂರ್ತಿ ದುಡಿದೆ, ರೇಟಿಂಗ್ ಕೂಡ ಚೆನ್ನಾಗಿಯೇ ಬಂತು. ಮೇ ತಿಂಗಳಲ್ಲಿ ಬೇರೆ ಕೆಲಸ ಸಿಕ್ಕಿ ರಾಜೀನಾಮೆ ಕೊಟ್ಟೆ. ನೋಟಿಸ್ ಮೂರು ತಿಂಗಳು, ಹಾಗಾಗಿ ಜೂನ್‌ನಲ್ಲೂ ಅಲ್ಲೇ ಕೆಲಸ ಮಾಡುತ್ತಿದ್ದೆ. ಪಕ್ಕದ ಸೀಟಿನವನ ಪೇಸ್ಲಿಪ್ಪಿನಲ್ಲಿ ವೇರಿಯಬಲ್ ಸಾಲು ಇತ್ತು, ನನ್ನದರಲ್ಲಿ ಆ ಸಾಲೇ ಇರಲಿಲ್ಲ. ಎಚ್‌ಆರ್ ಹತ್ತಿರ ಹೋದೆ. ಆಕೆ ನನ್ನದೇ ಆಫರ್ ಲೆಟರಿನ ನಾಲ್ಕನೇ ಪುಟ ತೆಗೆದು ಬೆರಳಿಟ್ಟು ತೋರಿಸಿದರು. ದುಡ್ಡು ಕೊಡುವ ದಿನ ನೌಕರಿಯಲ್ಲಿರಬೇಕು, ನೋಟಿಸ್‌ನಲ್ಲಿಯೂ ಇರಬಾರದು. ಕೆಳಗೆ ನನ್ನ ಸಹಿ ಇತ್ತು. ಆರು ವಾರ ತಡೆದು ರಾಜೀನಾಮೆ ಕೊಟ್ಟಿದ್ದರೆ 96 ಸಾವಿರ ಕೈಗೆ ಬರುತ್ತಿತ್ತು. ಇವತ್ತಿಗೂ ನೆನೆದರೆ ಹೊಟ್ಟೆ ಉರಿಯುತ್ತದೆ.

ಹಾಗಾಗಿ ನಿಮ್ಮ ಪಟ್ಟಿಯ 1,44,000ವನ್ನು ಗುರಿ ಅಂತ ಓದಿ, ಸಂಬಳ ಅಂತ ಓದಬೇಡಿ. ಬಹಳ ಕಡೆ ಅದನ್ನು ಎರಡು ಅಂಶಗಳಿಂದ ಗುಣಿಸುತ್ತಾರೆ, ಒಂದು ಕಂಪನಿಯ ಸಾಧನೆ, ಇನ್ನೊಂದು ನಿಮ್ಮ ರೇಟಿಂಗ್. ಕಂಪನಿ ಶೇ. 80 ಅಂತ ಘೋಷಿಸಿತು, ನಿಮ್ಮ ರೇಟಿಂಗಿಗೆ ಶೇ. 90 ಅಂತಾಯಿತು ಅನ್ನಿ. 1,44,000ದಲ್ಲಿ ಸಿಗುವುದು 1,03,680. ಎರಡೂ ಅಂಕಿ ಕೇಳಲು ಚೆನ್ನಾಗಿಯೇ ಇವೆ, ಆದರೂ 40 ಸಾವಿರ ಹೋಯಿತು. ಕಂಪನಿ ಗುರಿ ಮುಟ್ಟದಿದ್ದರೆ ಸೊನ್ನೆಯೂ ಆಗಬಹುದು. ಇನ್ನೊಂದು ಮಾತು, ವರ್ಷದ ಮಧ್ಯೆ ಸೇರಿದವರಿಗೆ ಆ ವರ್ಷದ ವೇರಿಯಬಲ್ ತಿಂಗಳ ಲೆಕ್ಕದಲ್ಲಿ ಕೊಡುತ್ತಾರೋ, ಇಲ್ಲವೇ ಇಲ್ಲವೋ, ಅದು ಒಂದೊಂದು ಕಂಪನಿಯಲ್ಲಿ ಒಂದೊಂದು ಥರ.

ಈಗ ನಿಮ್ಮ 3 ಲಕ್ಷದ ಏರಿಕೆಯನ್ನು ಬಿಡಿಸಿ ನೋಡಿ. ಕೈಗೆ ಬರುವುದರಲ್ಲಿ ಜಾಸ್ತಿ ಆಗಿದ್ದು ವರ್ಷಕ್ಕೆ ಸುಮಾರು 36 ಸಾವಿರ. ಪಿಎಫ್‌ನಲ್ಲಿ ಸುಮಾರು 1 ಲಕ್ಷ. ವೇರಿಯಬಲ್ 1.44 ಲಕ್ಷ. ಉಳಿದ 19 ಸಾವಿರ ಚಿಲ್ಲರೆ ಗ್ರಾಚ್ಯುಟಿ ಮತ್ತು ವಿಮೆಯದು. ಖಾತ್ರಿಯಾಗಿ ನಿಮ್ಮದು ಅನ್ನಬಹುದಾದದ್ದು ಮೊದಲ ಎರಡು, ಅಂದರೆ 1.36 ಲಕ್ಷ. ಅದರಲ್ಲೂ ಬಾಡಿಗೆ ಕಟ್ಟಲು ಆಗುವುದು ಆ 36 ಸಾವಿರ ಮಾತ್ರ. ಹುಬ್ಬಳ್ಳಿಯಲ್ಲಿ ನಿಮಗೆ ಬಾಡಿಗೆ ಇಲ್ಲ. ಇಲ್ಲಿ ವಾಕಡ್, ಹಿಂಜವಡಿ ಕಡೆ ಇಬ್ಬರು ಮೂವರು ಸೇರಿ ಫ್ಲ್ಯಾಟ್ ಹಿಡಿದರೂ ತಿಂಗಳಿಗೆ 3 ಸಾವಿರದಲ್ಲಿ ನಿಮ್ಮ ಪಾಲು ಮುಗಿಯುವುದಿಲ್ಲ. ಮೇಲೆ ಡೆಪಾಸಿಟ್, ಊಟದ ಡಬ್ಬ, ಊರಿಗೆ ಓಡಾಟ. ಹೀಗೇ ಬಂದರೆ ಮೊದಲ ವರ್ಷ ಈಗಿನದಕ್ಕಿಂತ ಬಿಗಿಯಾಗಿ ಬದುಕಬೇಕಾಗುತ್ತದೆ.

ಅದಕ್ಕೇ ಇರುವ ಪಟ್ಟಿಗೆ ನನ್ನ ಉತ್ತರ ಬೇಡ ಅಂತ. ಆದರೆ ಬಿಟ್ಟುಬಿಡುವ ಮುಂಚೆ ಮಾತಾಡಿ. 12 ಲಕ್ಷವನ್ನು 13 ಮಾಡಿ ಅಂತ ಕೇಳುವುದಕ್ಕಿಂತ, 12ರೊಳಗೇ ವೇರಿಯಬಲ್‌ನ ಅರ್ಧ, 72,000, ಸ್ಪೆಷಲ್ ಅಲೋವೆನ್ಸಿಗೆ ಸರಿಸಿ ಅಂತ ಕೇಳುವುದು ಸುಲಭ. ಎಚ್‌ಆರ್‌ಗೆ ಒಟ್ಟು ಬಜೆಟ್ ಬದಲಾಗುವುದಿಲ್ಲ, ನಿಮಗೆ ತಿಂಗಳಿಗೆ 6,000 ಸೇರಿ 78,395 ಆಗುತ್ತದೆ. ಎಲ್ಲರಿಗೂ ಒಂದೇ ಶೇಕಡಾ, ಬದಲಾಯಿಸಲು ಆಗಲ್ಲ ಅಂತ ಅವರು ಹೇಳಬಹುದು. ಆಗ ಮೊದಲ ವರ್ಷದ ವೇರಿಯಬಲ್ಲಾದರೂ ಖಾತ್ರಿ ಮಾಡಿ ಅಂತ ಕೇಳಿ. ಅದನ್ನೂ ಒಪ್ಪದೆ ಜಾಯ್ನಿಂಗ್ ಬೋನಸ್ ಕೊಡುತ್ತೇವೆ ಅಂದರೆ, ಎಷ್ಟು ತಿಂಗಳೊಳಗೆ ಬಿಟ್ಟರೆ ವಾಪಸ್ ಕಟ್ಟಬೇಕು ಅನ್ನುವ ಸಾಲು ಓದಿ.

ಇದರ ಜೊತೆ ಮೂರು ಪ್ರಶ್ನೆ ಮೇಲ್‌ನಲ್ಲಿ ಹಾಕಿ, ಫೋನಿನಲ್ಲಿ ಬೇಡ. ವೇರಿಯಬಲ್ ಯಾವ ತಿಂಗಳು ಕೊಡುತ್ತೀರಿ? ನೋಟಿಸ್‌ನಲ್ಲಿದ್ದರೆ ಸಿಗುತ್ತದಾ? ಹೋದ ಎರಡು ವರ್ಷ ಈ ಗ್ರೇಡಿನವರಿಗೆ ಶೇಕಡಾ ಎಷ್ಟು ಬಂತು? ಮೂರನೆಯದಕ್ಕೆ ಅಂಕಿ ಕೊಡದೆ "ಸಾಮಾನ್ಯವಾಗಿ ಚೆನ್ನಾಗಿಯೇ ಇರುತ್ತದೆ" ಅಂತ ಬರೆದರೆ, ಆ ಸಾಲನ್ನು ಸೊನ್ನೆ ಅಂತ ಹಿಡಿದು ಮತ್ತೆ ಲೆಕ್ಕ ಹಾಕಿ.

ಸೇರಿದರೆ ನಿಮ್ಮ ಪಿಎಫ್‌ನ ಹಳೆಯ ಯುಎಎನ್ ನಂಬರನ್ನೇ ಕೊಡಿ, ಹುಬ್ಬಳ್ಳಿಯ ಪಿಎಫ್ ತೆಗೆಯದೆ ಇಲ್ಲಿಗೆ ವರ್ಗಾಯಿಸಿ. ಒಂದು ತಿಂಗಳ ಪಿಎಫ್ ಅನ್ನು ಕಂಪನಿ ಮುಂದಿನ ತಿಂಗಳ 15ರೊಳಗೆ ಕಟ್ಟಬೇಕು. ಎರಡನೇ ಸಂಬಳ ಆದಮೇಲೆ ಒಮ್ಮೆ ಪಾಸ್‌ಬುಕ್ ತೆರೆದು ನೋಡಿ. ನಿಮ್ಮ ಪಾಲಿನ ಕಡೆ 6,000 ಇರಬೇಕು. ಕಂಪನಿ ಕಡೆ 4,750 ಮಾತ್ರ ಕಂಡರೆ ಗಾಬರಿ ಬೇಡ. ಪಿಂಚಣಿ ಯೋಜನೆಯ ಸದಸ್ಯರಾಗಿದ್ದರೆ ಉಳಿದ 1,250 ಆ ಖಾತೆಗೆ ಹೋಗಿರುತ್ತದೆ, ಪಕ್ಕದ ಕಾಲಮ್ಮಿನಲ್ಲೇ ಕಾಣುತ್ತದೆ.

ಹೊಸ ಪಟ್ಟಿ ಮೇಲ್‌ನಲ್ಲಿ ಬಂದರೆ ಇಲ್ಲೇ ಹಾಕಿ, ಕೂತು ನೋಡುತ್ತೇನೆ. ಅದು ಬರುವವರೆಗೆ ಹುಬ್ಬಳ್ಳಿಯಲ್ಲಿ ರಾಜೀನಾಮೆ ಕೊಡಬೇಡಿ.