ನೆಗಡಿ ಇಲ್ಲದಿದ್ದರೂ ಒಂದು ಹೊಳ್ಳೆ ಕಟ್ಟುವುದೇಕೆ?

ಪ್ರಶ್ನೆ: ನೆಗಡಿ ಇಲ್ಲ, ಆದರೂ ಒಂದು ಹೊಳ್ಳೆ ಕಟ್ಟಿದ ಹಾಗಿರುತ್ತೆ. ಕೆಲವು ಗಂಟೆ ಬಿಟ್ಟರೆ ಇನ್ನೊಂದು. ಯಾಕೆ?

ನಿಮ್ಮ ಹೊಳ್ಳೆಗಳು ಪಾಳಿಯಲ್ಲಿ ಕೆಲಸ ಮಾಡುತ್ತಿವೆ, ಅಷ್ಟೇ.

ಪ್ರತಿ ಹೊಳ್ಳೆಯ ಒಳಗೆ, ಪಕ್ಕದ ಗೋಡೆಯಿಂದ ಮೂರು ಸುರುಳಿ ಮೂಳೆಗಳು ಚಾಚಿಕೊಂಡಿವೆ. ಇವೇ ಟರ್ಬಿನೇಟ್‌ಗಳು. ಕೆಳಗಿನದು ಎಲ್ಲಕ್ಕಿಂತ ದೊಡ್ಡದು. ಮೇಲೆ ಒದ್ದೆ ಪೊರೆ, ಅದರಡಿ ರಕ್ತನಾಳಗಳ ದಟ್ಟ ಜಾಲ. ಈ ಇಕ್ಕಟ್ಟು ಸಂದಿಯಲ್ಲಿ ಸುತ್ತಿ ಬರುವ ಗಾಳಿಗೆ ರಕ್ತದಿಂದ ಬಿಸಿ ಸಿಗುತ್ತದೆ, ಪೊರೆಯಿಂದ ತೇವ. ಗಂಟಲು ತಲುಪುವಷ್ಟರಲ್ಲಿ ಅದು ಸುಮಾರು 30 ಡಿಗ್ರಿ ದಾಟಿರುತ್ತದೆ. ದೂಳು ಲೋಳೆಗೆ ಅಂಟುತ್ತದೆ. ಕಣ್ಣಿಗೆ ಕಾಣದ ಸಣ್ಣ ರೋಮಗಳು ಅದನ್ನು ಗಂಟಲಿನತ್ತ ತಳ್ಳುತ್ತವೆ, ನಾವು ಗೊತ್ತೇ ಆಗದೆ ನುಂಗುತ್ತೇವೆ.

ಆ ಜಾಲದಲ್ಲಿ ರಕ್ತ ತುಂಬಿದರೆ ಟರ್ಬಿನೇಟ್ ಊದಿ ದಾರಿ ಕಿರಿದಾಗುತ್ತದೆ. ಒಂದು ಕಡೆ ಊದಿದಾಗ ಇನ್ನೊಂದು ಕಡೆ ಇಳಿಯುತ್ತದೆ. ಕೆಲವು ಗಂಟೆಗೊಮ್ಮೆ ಅದಲುಬದಲು. ಜರ್ಮನ್ ವೈದ್ಯ ರಿಚರ್ಡ್ ಕೈಸರ್ ಇದನ್ನು 1895ರಲ್ಲೇ ವಿವರಿಸಿದ್ದರು. ಗಾಳಿ ಕಡಿಮೆ ಓಡುವ ಬದಿಯ ಪೊರೆಗೆ ಒಣಗದೆ ಸುಧಾರಿಸಿಕೊಳ್ಳಲು ಬಿಡುವು ಸಿಗುತ್ತದೆ ಅನ್ನೋದು ಒಪ್ಪುವಂಥ ವಿವರಣೆ.

ನೋಡಬೇಕಾ? ತಣ್ಣನೆಯ ಕನ್ನಡಿಯನ್ನು ಮೂಗಿನ ಕೆಳಗೆ ಹಿಡಿದು ಉಸಿರು ಬಿಡಿ. ಎರಡು ಮಂಜಿನ ಕಲೆಗಳಲ್ಲಿ ಒಂದು ದೊಡ್ಡದಿರುತ್ತದೆ. ಮೂರ್ನಾಲ್ಕು ಗಂಟೆ ಬಿಟ್ಟು ಮತ್ತೆ ನೋಡಿ. ಮಗ್ಗುಲಾಗಿ ಮಲಗಿದರೆ ಕೆಳಗಿನ ಹೊಳ್ಳೆ ಕಟ್ಟುವುದೂ ಮಾಮೂಲು, ಅದು ಸುಮ್ನೆ ಮಲಗಿದ ಭಂಗಿಯ ಕೆಲಸ.

ಯಾವಾಗಲೂ ಒಂದೇ ಬದಿ ಕಟ್ಟಿದ್ದರೆ ಮಾತ್ರ ಇದು ಪಾಳಿ ಅಲ್ಲ. ನಡುಗೋಡೆ ವಾಲಿರಬಹುದು, ಒಳಗೆ ದುರ್ಮಾಂಸ ಬೆಳೆದಿರಬಹುದು. ಕಿವಿ-ಮೂಗು-ಗಂಟಲು ವೈದ್ಯರಿಗೆ ತೋರಿಸಿ. ಮೂಗು ಬಿಡಿಸುವ ಡ್ರಾಪ್ಸ್ ದಿನಗಟ್ಟಲೆ ಹಾಕಬೇಡಿ, ಬಿಟ್ಟಾಗ ಇನ್ನೂ ಜಾಸ್ತಿ ಕಟ್ಟುತ್ತದೆ.