ಬಾಡಿಗೆ ಫ್ಲ್ಯಾಟಿಗೆ ಯಾವ ಬಿಳಿ?

"ವಿಜಯಪುರದಲ್ಲಿ ಬಾಡಿಗೆ ಫ್ಲ್ಯಾಟ್. ಗೋಡೆ ಬಿಳಿ, ಟೈಲ್ಸ್ ಕೆನೆ ಬಣ್ಣ. ಎಷ್ಟು ಒರೆಸಿದರೂ ಟೈಲ್ಸ್ ಕೊಳೆಯಾದಂತೆ ಕಾಣುತ್ತವೆ. ಸೋಫಾ, ಕಪಾಟು ಆಮೇಲೆ ತಗೋತೀವಿ. ಎಲ್ಲದಕ್ಕೂ ಹೊಂದುವ ಬಣ್ಣ ಯಾವುದು?"

ಗೋಡೆಯ ಬಿಳಿಯಲ್ಲಿ ನೀಲಿ ಛಾಯೆ ಇರಬೇಕು. ಅದರ ಪಕ್ಕದಲ್ಲಿ ಕೆನೆ ಬಣ್ಣ ಹಳದಿಗಟ್ಟಿದಂತೆ ಕಾಣುತ್ತದೆ. ಹಗಲಲ್ಲಿ ಗೋಡೆಗೆ ಒಂದು ಝೆರಾಕ್ಸ್ ಹಾಳೆ ಹಿಡಿದು ನೋಡಿ. ಆ ಹಾಳೆಯಲ್ಲೂ ಸಾಮಾನ್ಯವಾಗಿ ನೀಲಿ ಇರುತ್ತದೆ. ಎರಡೂ ಒಂದೇ ಥರ ಕಂಡರೆ ಕಾರಣ ಇದೇ.

ಟೈಲ್ಸ್ ಬದಲಿಸೋಕಾಗಲ್ಲ ಅಲ್ವಾ, ಹಾಗಾಗಿ ಗೋಡೆ ಅದಕ್ಕೆ ಹೊಂದಬೇಕು. ಮೊದಲು ಓನರ್ ಒಪ್ಪಿಗೆ ಕೇಳಿ. ಆಮೇಲೆ ಟೈಲ್ಸ್‌ಗಿಂತ ತಿಳಿಯಾದ, ಸ್ವಲ್ಪವೇ ಹಳದಿ ಬೆರೆತ ಆಫ್‌ವೈಟ್‌ನ ಚಿಕ್ಕ ಡಬ್ಬಿ ತನ್ನಿ. ದಪ್ಪ ಬಿಳಿ ಕಾರ್ಡ್‌ಶೀಟಿಗೆ ಎರಡು ಕೋಟ್ ಹಚ್ಚಿ ಒಣಗಿಸಿ. ನೇರ ಗೋಡೆಗೆ ಹಚ್ಚಬೇಡಿ, ಸುತ್ತಲಿನ ಹಳೇ ಬಣ್ಣ ಕಣ್ಣಿಗೆ ಮೋಸ ಮಾಡುತ್ತದೆ. ಶೀಟನ್ನು ಟೈಲ್ಸ್‌ಗೆ ತಾಗಿಸಿ ನಿಲ್ಲಿಸಿ, ಮಧ್ಯಾಹ್ನ ಮತ್ತು ರಾತ್ರಿ ಲೈಟಲ್ಲಿ ನೋಡಿ. ಪಶ್ಚಿಮದ ಕಿಟಕಿ ಇದ್ದರೆ ಸಂಜೆಯೂ ನೋಡಲೇಬೇಕು, ಆ ಬಿಸಿಲಿಗೆ ಹಳದಿ ಜಾಸ್ತಿ ಆಗುತ್ತದೆ. ಬೆಣ್ಣೆ ಬಣ್ಣಕ್ಕೆ ತಿರುಗಿದರೆ ಒಂದು ಶೇಡ್ ತಿಳಿ ಮಾಡಿಸಿ.

ಟೈಲ್ಸ್‌ನಲ್ಲಿ ಗುಲಾಬಿ ಛಾಯೆ ಇದ್ದರೆ ಮಾತ್ರ ಹಳದಿ ಬೇಡ, ತಿಳಿ ಮಣ್ಣಿನ ಬಣ್ಣ ಬೆರೆತ ಬಿಳಿ ನೋಡಿ. ಓನರ್ ಒಪ್ಪದಿದ್ದರೆ ಗೋಡೆ ಬಿಡಿ, ಗೋಣಿ ಬಣ್ಣದ ಪ್ಲೇನ್ ಪರದೆ ಮತ್ತು ದೊಡ್ಡ ಜಮಖಾನೆ ಹಾಕಿ. ಟೈಲ್ಸ್ ಅಷ್ಟು ಎದ್ದು ಕಾಣಲ್ಲ.