ಫೆರಿಟಿನ್ ‘ನಾರ್ಮಲ್’, ಹಿಮೋಗ್ಲೋಬಿನ್ 8: ಅಪ್ಪನಿಗೆ ಇನ್ನೇನು ತಿನ್ನಿಸಬೇಕು?

ಪ್ರಶ್ನೆ: ಅಪ್ಪನಿಗೆ 56 ವರ್ಷ, 60 ಕೆಜಿ ತೂಕ, ಅಡಿಕೆ ತೋಟದ ಕೆಲಸ. ಮೂರು ತಿಂಗಳು ಕಬ್ಬಿಣದ ಮಾತ್ರೆ ಕೊಟ್ಟಾಗ ಹಿಮೋಗ್ಲೋಬಿನ್ 10.4ಕ್ಕೆ ಏರಿತ್ತು. ಬಿಟ್ಟು ಐದು ತಿಂಗಳಾಯ್ತು, ಈಗ 8.1. ಎಂಸಿವಿ 66, ಆರ್‌ಬಿಸಿ 4.1, ಸಿಆರ್‌ಪಿ 22. ಫೆರಿಟಿನ್ 42, ಲ್ಯಾಬ್‌ನವರ ಪ್ರಕಾರ 30ರಿಂದ 400 ನಾರ್ಮಲ್. ಸೊಪ್ಪು, ರಾಗಿ, ಮೀನು ಎಲ್ಲ ತಿಂತಾರೆ. ಮಂಡಿ ನೋವಿಗೆ ಆಗಾಗ ಮಾತ್ರೆ ತಗೋತಾರೆ. ಮಲದಲ್ಲಿ ರಕ್ತ ಕಂಡಿಲ್ಲ. ಇನ್ನೇನು ತಿನ್ನಿಸಬೇಕು?

ಉತ್ತರ:

ತಿನ್ನಿಸಿ ಸರಿ ಮಾಡುವ ವಿಷಯ ಇದಲ್ಲ. ನೀವು ಕೊಟ್ಟ ಅಂಕಿಗಳನ್ನೇ ಇಟ್ಟುಕೊಂಡು ಲೆಕ್ಕ ಹಾಕಿದರೆ ರಕ್ತ ಎಲ್ಲೋ ಸೋರುತ್ತಿದೆ ಎಂದು ಗೊತ್ತಾಗುತ್ತದೆ. ಆ ಲೆಕ್ಕವನ್ನೇ ಮೊದಲು ಹೇಳುತ್ತೇನೆ.

ಗಂಡಸಿನ ದೇಹದಿಂದ ದಿನಕ್ಕೆ ಹೊರಹೋಗುವ ಕಬ್ಬಿಣ ಸುಮಾರು 1 ಮಿಲಿಗ್ರಾಂ ಅಷ್ಟೇ. ಅದೂ ಕರುಳಿನ ಒಳಪದರ ಮತ್ತು ಚರ್ಮದಿಂದ ಉದುರುವ ಕೋಶಗಳ ಜೊತೆ. ಅದಕ್ಕಿಂತ ಹೆಚ್ಚು ಹೊರಹಾಕುವ ದಾರಿ ದೇಹಕ್ಕೆ ಇಲ್ಲ, ರಕ್ತಸ್ರಾವವೊಂದನ್ನು ಬಿಟ್ಟರೆ. ಈಗ ಹಿಮೋಗ್ಲೋಬಿನ್ ಇಳಿದದ್ದು 2.3. ಕಬ್ಬಿಣದ ಡ್ರಿಪ್ ಎಷ್ಟು ಬೇಕು ಎಂದು ನೋಡಲು ವೈದ್ಯರು ಬಳಸುವ ಸೂತ್ರದಲ್ಲಿ ತೂಕವನ್ನು ಇಳಿಕೆಯಿಂದಲೂ 2.4ರಿಂದಲೂ ಗುಣಿಸುತ್ತಾರೆ: 60 × 2.3 × 2.4, ಅಂದರೆ ಸುಮಾರು 330 ಮಿಲಿಗ್ರಾಂ ಕಬ್ಬಿಣ. ಐದು ತಿಂಗಳೆಂದರೆ 150 ದಿನ. ಆ 150 ದಿನ ಅಪ್ಪನಿಗೆ ಊಟದಿಂದ ಒಂದು ಚೂರೂ ಕಬ್ಬಿಣ ಸಿಕ್ಕಿಲ್ಲ ಎಂದೇ ಇಟ್ಟುಕೊಳ್ಳಿ. ಆಗಲೂ ಹೋಗಬೇಕಾದ್ದು 150 ಮಿಲಿಗ್ರಾಂ. ಮಿಕ್ಕ 180 ಎಲ್ಲಿ ಹೋಯಿತು?

ಅವರು ರಾಗಿ, ಮೀನು ತಿನ್ನುತ್ತಿದ್ದಾರೆ, ಮೈಯಲ್ಲಿ ಕೊರತೆ ಇದ್ದಾಗ ಕರುಳು ಎಂದಿಗಿಂತ ಹೆಚ್ಚೇ ಹೀರಿಕೊಳ್ಳುತ್ತದೆ. ದಿನಕ್ಕೆ 2 ಮಿಲಿಗ್ರಾಂ ಒಳಗೆ ಹೋಗುತ್ತಿದೆ ಎಂದು ಹಿಡಿದರೆ, ಸೋರಿಕೆ ದಿನಕ್ಕೆ 3 ಮಿಲಿಗ್ರಾಂ ದಾಟುತ್ತದೆ. ಹಿಮೋಗ್ಲೋಬಿನ್ 9ರ ಆಸುಪಾಸಿನಲ್ಲಿರುವ ರಕ್ತದ ಒಂದು ಮಿಲಿಯಲ್ಲಿ ಕಬ್ಬಿಣ ಸುಮಾರು 0.3 ಮಿಲಿಗ್ರಾಂ. ಹಾಗಾದರೆ ದಿನಕ್ಕೆ ಹೋಗುತ್ತಿರುವ ರಕ್ತ 10 ಮಿಲಿ, ಎರಡು ಟೀ ಚಮಚ. ಇದು ಅಂದಾಜು, ಆದರೆ ಅಂದಾಜಿಗೇ ಇಷ್ಟು ಸಾಕು.

ಎರಡು ಚಮಚ ರಕ್ತ ಜಠರದಲ್ಲೋ ಸಣ್ಣಕರುಳಿನಲ್ಲೋ ಸೋರಿದರೆ ಮಲದಲ್ಲಿ ಕಾಣುವುದಿಲ್ಲ. ಮಲ ಡಾಂಬರಿನ ಹಾಗೆ ಕಪ್ಪಾಗಿ ಅಂಟಂಟಾಗಬೇಕಾದರೆ ಮೇಲ್ಭಾಗದಲ್ಲಿ ಒಮ್ಮೆಗೆ 50 ಮಿಲಿಯಾದರೂ ಸೋರಬೇಕು. ಹಾಗಾಗಿ ‘ರಕ್ತ ಕಂಡಿಲ್ಲ’ ಎಂಬ ಮಾತಿಗೆ ಇಲ್ಲಿ ತೂಕ ಕಡಿಮೆ. ಮಲದಲ್ಲಿ ಅಡಗಿದ ರಕ್ತ ಪತ್ತೆ ಮಾಡುವ ಪರೀಕ್ಷೆ ನೆಗೆಟಿವ್ ಬಂದರೂ ನಿಶ್ಚಿಂತೆಯಿಂದ ಕೂರುವಂತಿಲ್ಲ, ಸೋರಿಕೆ ಬಿಟ್ಟು ಬಿಟ್ಟು ಆಗುತ್ತಿರಬಹುದು. (ಮುಟ್ಟಾಗುವ ಹೆಂಗಸರಲ್ಲಿ, ಗರ್ಭಿಣಿಯರಲ್ಲಿ, ಬೆಳೆಯುವ ಮಕ್ಕಳಲ್ಲಿ ಈ ಲೆಕ್ಕ ಬೇರೆ. ಅಲ್ಲಿ ಖರ್ಚೂ ಬೇಡಿಕೆಯೂ ಮೊದಲಿಂದಲೇ ಹೆಚ್ಚು.)

ಇನ್ನು ಫೆರಿಟಿನ್. ಕಬ್ಬಿಣವನ್ನು ಕೂಡಿಡುವ ಪ್ರೋಟೀನ್ ಅದು. ಅದರ ಸ್ವಲ್ಪ ಭಾಗ ರಕ್ತಕ್ಕೆ ಬರುತ್ತದೆ, ಲ್ಯಾಬ್ ಅಳೆಯುವುದು ಅದನ್ನೇ. ಮೈಯಲ್ಲಿ ಬೇರೇನೂ ಕಾಯಿಲೆ ಇಲ್ಲದಿದ್ದರೆ ರಕ್ತದ ಫೆರಿಟಿನ್ ಸಂಗ್ರಹವನ್ನು ಚೆನ್ನಾಗಿಯೇ ತೋರಿಸುತ್ತದೆ. ತೊಡಕು ಎಲ್ಲಿ ಅಂದರೆ, ಸೋಂಕು ಅಥವಾ ಉರಿಯೂತ ಇದ್ದಾಗ, ಯಕೃತ್ತಿನ ತೊಂದರೆ ಇದ್ದಾಗ, ಸಂಗ್ರಹ ಖಾಲಿಯಿದ್ದರೂ ಫೆರಿಟಿನ್ ಏರುತ್ತದೆ. ಅದಕ್ಕೇ ಕಡಿಮೆ ಬಂದ ಫೆರಿಟಿನ್ ಅನ್ನು ಕಣ್ಣುಮುಚ್ಚಿ ನಂಬಬಹುದು, ಸರಿಯಾಗಿದೆ ಎಂದು ಬಂದ ಫೆರಿಟಿನ್ ಅನ್ನು ಜೊತೆಗೆ ಉರಿಯೂತ ಇದೆಯೇ ಎಂದು ತೋರಿಸುವ ಸಿಆರ್‌ಪಿ ನೋಡದೆ ನಂಬಬಾರದು.

ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಕೊಟ್ಟ ಗೆರೆ ಇದು: ಬೇರೆ ಕಾಯಿಲೆ ಇಲ್ಲದ ವಯಸ್ಕರಲ್ಲಿ 15ಕ್ಕಿಂತ ಕಡಿಮೆಯಾದರೆ ಕೊರತೆ, ಸೋಂಕು ಅಥವಾ ಉರಿಯೂತ ಇದ್ದರೆ 70ಕ್ಕಿಂತ ಕಡಿಮೆಯಾದರೆ ಕೊರತೆ. ರಕ್ತಹೀನತೆ ಇರುವವರಲ್ಲಿ ಜಠರ-ಕರುಳಿನ ತಜ್ಞರು 45ರ ಕೆಳಗನ್ನು ಕೊರತೆ ಎಂದೇ ಹಿಡಿಯುತ್ತಾರೆ. ಸಿಆರ್‌ಪಿ 22 ಇದ್ದಾಗ ಬಂದ 42, 70 ಮತ್ತು 45ರ ಎರಡೂ ಗೆರೆಗಳ ಕೆಳಗಿದೆ. ಲ್ಯಾಬಿನ 30–400 ಎನ್ನುವುದು ಜನರಲ್ಲಿ ಸಾಮಾನ್ಯವಾಗಿ ಕಾಣುವ ಹರವು ಅಷ್ಟೇ, ಕೊರತೆ ಗುರುತಿಸಲೆಂದು ಎಳೆದ ಗೆರೆಯಲ್ಲ.

ನಿಮ್ಮ ರಿಪೋರ್ಟಿನಲ್ಲಿ ಇನ್ನೆರಡು ಸಾಕ್ಷಿ ಇವೆ. ಕೆಂಪು ರಕ್ತಕಣದ ಗಾತ್ರ ಹೇಳುವ ಎಂಸಿವಿಯನ್ನು ಅವುಗಳ ಸಂಖ್ಯೆ ಹೇಳುವ ಆರ್‌ಬಿಸಿಯಿಂದ ಭಾಗಿಸಿ: 66 ÷ 4.1 = 16. ಇದು 13ಕ್ಕಿಂತ ಕಡಿಮೆ ಬಂದಿದ್ದರೆ ವಂಶದಿಂದ ಬರುವ ಥಲಸ್ಸೀಮಿಯಾ ಟ್ರೈಟ್ ಇರಬಹುದೇ ಎಂದು ಹಿಮೋಗ್ಲೋಬಿನ್ ಎ2 ಪರೀಕ್ಷೆ ಮಾಡಿಸಬೇಕಿತ್ತು. ಇನ್ನೊಂದು, ಮಾತ್ರೆ ಕೊಟ್ಟಾಗ ಹಿಮೋಗ್ಲೋಬಿನ್ ಏರಿದ್ದು. ನನ್ನ ಮಟ್ಟಿಗೆ ಎಲ್ಲ ಅಂಕಿಗಳಿಗಿಂತ ದೊಡ್ಡ ಸಾಕ್ಷಿ ಅದೇ. ಆದರೂ ಅನುಮಾನವಿದ್ದರೆ, ರಕ್ತದಲ್ಲಿ ಕಬ್ಬಿಣ ಸಾಗಿಸುವ ಪ್ರೋಟೀನ್ ಎಷ್ಟು ತುಂಬಿದೆ ಎಂದು ತೋರಿಸುವ ಟ್ರಾನ್ಸ್‌ಫೆರಿನ್ ಸ್ಯಾಚುರೇಷನ್ ಮಾಡಿಸಿ, 16 ಶೇಕಡಕ್ಕಿಂತ ಕೆಳಗಿದ್ದರೆ ಕೊರತೆಯ ಮಾತಿಗೆ ಇನ್ನಷ್ಟು ಬಲ ಬರುತ್ತದೆ. ರಕ್ತ ಕೊಡುವುದು ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ, ಕಬ್ಬಿಣದ ಮಾತ್ರೆ ಎರಡು ದಿನ ಮೊದಲೇ ನಿಲ್ಲಿಸಿ. ‘ಸೀರಮ್ ಐರನ್’ ಒಂದನ್ನೇ ನೋಡಿ ಏನೂ ಹೇಳಲಾಗದು, ಮಾತ್ರೆ ನುಂಗಿದ ದಿನ ಅದು ಜಿಗಿಯುತ್ತದೆ. ಜ್ವರ ಬಂದ ವಾರ ಫೆರಿಟಿನ್ ಮಾಡಿಸಿದರೂ ದುಡ್ಡು ದಂಡ.

ಸೋರಿಕೆ ಎಲ್ಲಿರಬಹುದು? ಮೊದಲ ಅನುಮಾನ ಆ ಮಂಡಿ ನೋವಿನ ಮಾತ್ರೆಯ ಮೇಲೆ. ಸ್ಟ್ರಿಪ್ ಹುಡುಕಿ ಓದಿ. ಡೈಕ್ಲೊಫೆನಾಕ್, ಅಸೆಕ್ಲೊಫೆನಾಕ್, ಐಬುಪ್ರೊಫೆನ್ ಇವುಗಳಲ್ಲಿ ಯಾವುದಾದರೂ ಇದ್ದರೆ ಜಠರದಲ್ಲಿ ಹುಣ್ಣಾಗಿರಬಹುದು, ವಯಸ್ಸಾದವರಲ್ಲಿ ಎಷ್ಟೋ ಸಲ ಹೊಟ್ಟೆನೋವೇ ಇರುವುದಿಲ್ಲ. ಜೊತೆಗೆ ಪ್ಯಾಂಟೊಪ್ರಜೋಲ್ ತಗೋತಾರೆ ಅಂತ ಧೈರ್ಯ ಮಾಡಬೇಡಿ. ಅದು ಜಠರವನ್ನು ಕಾಯುತ್ತದೆ, ಇದೇ ಮಾತ್ರೆಗಳಿಂದ ಸಣ್ಣಕರುಳಿನಲ್ಲಿ ಆಗುವ ಗಾಯವನ್ನು ತಡೆಯುವುದಿಲ್ಲ. ಮೇಲಾಗಿ ತಿಂಗಳುಗಟ್ಟಲೆ ತೆಗೆದುಕೊಂಡರೆ ಆಮ್ಲ ತಗ್ಗಿ ಕಬ್ಬಿಣ ಹೀರುವುದೂ ಕಡಿಮೆಯಾಗುತ್ತದೆ. ನೋವಿನ ಮಾತ್ರೆ ಇವತ್ತೇ ನಿಲ್ಲಿಸಿ, ಸದ್ಯಕ್ಕೆ ಪ್ಯಾರಾಸಿಟಮಾಲ್ ಸಾಕು. ಹೃದಯಕ್ಕೆಂದು ವೈದ್ಯರು ಆಸ್ಪಿರಿನ್ ಬರೆದಿದ್ದರೆ ಮಾತ್ರ ಅವರನ್ನು ಕೇಳದೆ ಬಿಡಿಸಬೇಡಿ.

ಎರಡನೆಯದು ತೋಟದ ಕೆಲಸ. ನೆರಳು, ತೇವ, ಬರಿಗಾಲು. ಕೊಕ್ಕೆಹುಳುವಿನ ಮರಿ ಮಣ್ಣಿನಿಂದ ಪಾದದ ಚರ್ಮ ಕೊರೆದು ಒಳಹೋಗುತ್ತದೆ. ಬೆರಳ ಸಂದಿಯಲ್ಲಿ ಕೆಲವು ದಿನ ತುರಿಕೆ ಬಂದು ಹೋಗಿದ್ದರೆ ಅದೇ ಗುರುತು. ಅಲ್ಲಿಂದ ಶ್ವಾಸಕೋಶದ ಮೂಲಕ ಸಣ್ಣಕರುಳಿಗೆ ಬಂದು, ಒಳಗೋಡೆ ಕಚ್ಚಿಕೊಂಡು ರಕ್ತ ಹೀರುತ್ತದೆ. ಒಂದು ಸೆಂಟಿಮೀಟರಿನಷ್ಟಿರುವ ಈ ಹುಳು ಜಂತುಹುಳುವಿನ ಹಾಗೆ ಮಲದಲ್ಲಿ ಉದುರುವುದಿಲ್ಲ. ‘ಹುಳ ಬಿದ್ದಿಲ್ಲ’ ಎಂದರೆ ಕೊಕ್ಕೆಹುಳು ಇಲ್ಲ ಎಂದಲ್ಲ. ಬ್ಲಡ್ ರಿಪೋರ್ಟಿನಲ್ಲಿ ಇಯೊಸಿನೊಫಿಲ್ ಎಂಬ ಬಿಳಿ ರಕ್ತಕಣ ಹೆಚ್ಚಿದೆಯೇ ನೋಡಿ, ಹೆಚ್ಚಿದ್ದರೆ ಅನುಮಾನ ಬಲವಾಗುತ್ತದೆ.

ಮಲಪರೀಕ್ಷೆಯನ್ನು ಮೂರು ಬೇರೆ ಬೇರೆ ದಿನ ಮಾಡಿಸಿ, ಮೊಟ್ಟೆ ಎಲ್ಲ ದಿನ ಸಿಗುವುದಿಲ್ಲ. ಬೆಳಗಿನ ಮಲವನ್ನು ಆ ಹೊತ್ತಿಗೇ ಲ್ಯಾಬಿಗೆ ಮುಟ್ಟಿಸಬೇಕು. ಇಡೀ ದಿನ ಬೆಚ್ಚಗೆ ಇಟ್ಟರೆ ಮೊಟ್ಟೆ ಒಡೆದು ಮರಿಯಾಗಿಬಿಡುತ್ತದೆ, ನೋಡುವವರು ತಪ್ಪಿಸಿಕೊಳ್ಳುತ್ತಾರೆ. ಮೊಟ್ಟೆ ಎಷ್ಟಿವೆ ಎಂದೂ ಬರೆಯಲು ಹೇಳಿ. ಅದು ಯಾಕೆ ಅಂದರೆ, ನೆಕೇಟರ್ ಜಾತಿಯ ಒಂದು ಹುಳು ದಿನಕ್ಕೆ ಕಳೆಯುವ ರಕ್ತ ಸುಮಾರು 0.03 ಮಿಲಿ, ಆನ್ಸಿಲೊಸ್ಟೋಮಾ ಜಾತಿಯದು 0.15ರಿಂದ 0.2 ಮಿಲಿ. ದಿನಕ್ಕೆ 10 ಮಿಲಿ ಹೋಗಬೇಕಾದರೆ ಮೊದಲ ಜಾತಿಯವು 300ರ ಮೇಲೆ ಬೇಕು, ಎರಡನೆಯವು 50ರಿಂದ 70. ‘ಅಲ್ಲೊಂದು ಇಲ್ಲೊಂದು ಮೊಟ್ಟೆ’ ಎಂದು ಬಂದರೆ ಇಷ್ಟು ನಷ್ಟವನ್ನು ಹುಳುವಿನ ತಲೆಗೆ ಕಟ್ಟುವಂತಿಲ್ಲ.

ಔಷಧ ಆಲ್ಬೆಂಡಜೋಲ್ 400 ಮಿಲಿಗ್ರಾಂ. ಒಂದೇ ಮಾತ್ರೆಗೆ ಎಲ್ಲ ಹುಳು ಸಾಯುತ್ತವೆ ಎಂದೇನಿಲ್ಲ. ಹುಳು ಜಾಸ್ತಿ ಇದ್ದರೆ ವೈದ್ಯರು ಮೂರು ದಿನ ಕೊಡುತ್ತಾರೆ, ಎರಡು ಮೂರು ವಾರ ಬಿಟ್ಟು ಮತ್ತೆ ಮಲ ನೋಡಬೇಕು. ಶಾಲೆ, ಅಂಗನವಾಡಿಗಳಲ್ಲಿ ಜಂತುಹುಳು ನಿವಾರಣಾ ದಿನ ಕೊಡುವ ಮಾತ್ರೆ 1ರಿಂದ 19 ವರ್ಷದವರಿಗೆ, ತೋಟದಲ್ಲಿ ದುಡಿಯುವ ಅಪ್ಪ ಆ ಲೆಕ್ಕದಲ್ಲಿ ಬರುವುದೇ ಇಲ್ಲ. ಗಂಬೂಟು ಹಾಕದಿದ್ದರೆ ಮುಂದಿನ ಮಳೆಗಾಲಕ್ಕೆ ಮತ್ತೆ ಅದೇ ಕಥೆ.

ಮೂರನೆಯದನ್ನು ಮುಚ್ಚಿಡದೆ ಹೇಳಬೇಕು. ದೊಡ್ಡಕರುಳಿನ ಬಲಭಾಗದ ಗಂಟು ಅಥವಾ ಕ್ಯಾನ್ಸರ್ ಎಷ್ಟೋ ಸಲ ರಕ್ತಹೀನತೆಯಾಗಿಯೇ ಮೊದಲು ಕಾಣಿಸಿಕೊಳ್ಳುತ್ತದೆ. ಅಲ್ಲಿ ಕರುಳು ಅಗಲ, ಮಲ ಇನ್ನೂ ನೀರಾಗಿರುತ್ತದೆ. ಹಾಗಾಗಿ ಮಲಬದ್ಧತೆಯೂ ಇಲ್ಲ, ಸೋರಿದ ರಕ್ತ ಬೆರೆತುಹೋಗಿ ಕಣ್ಣಿಗೂ ಬೀಳದು. ಆದ್ದರಿಂದ ಈ ವಯಸ್ಸಿನ ಗಂಡಸರಿಗೆ, ಮುಟ್ಟು ನಿಂತ ಹೆಂಗಸರಿಗೆ ಕಬ್ಬಿಣದ ಕೊರತೆ ಖಚಿತವಾದರೆ ಮೇಲಿನ ಎಂಡೋಸ್ಕೋಪಿ, ಕೊಲೊನೋಸ್ಕೋಪಿ ಎರಡೂ ಬೇಕು. ಕೊಕ್ಕೆಹುಳು ಸಿಕ್ಕಿತು, ಮೂಲವ್ಯಾಧಿ ಇದೆ, ಜಠರದಲ್ಲಿ ಸಣ್ಣ ಉರಿಯೂತ ಇದೆ ಎಂಬ ಕಾರಣಕ್ಕೆ ಕೊಲೊನೋಸ್ಕೋಪಿ ಮುಂದೂಡುವುದೇ ಇಲ್ಲಿ ಆಗುವ ದೊಡ್ಡ ತಪ್ಪು. ಮಾಡಿಸುವ ಒಂದು ವಾರ ಮೊದಲು ಕಬ್ಬಿಣದ ಮಾತ್ರೆ ನಿಲ್ಲಿಸಬೇಕು, ಇಲ್ಲದಿದ್ದರೆ ಕರುಳು ಕಪ್ಪಾಗಿ ಏನೂ ಸರಿಯಾಗಿ ಕಾಣದು. ಎಂಡೋಸ್ಕೋಪಿ ಮಾಡುವಾಗಲೇ ಹೆಲಿಕೊಬ್ಯಾಕ್ಟರ್ ಸೋಂಕಿಗೆ, ಸೀಲಿಯಾಕ್ ಕಾಯಿಲೆಗೆ ಸಣ್ಣ ಚೂರು ತೆಗೆದು ನೋಡಲು ಕೇಳಿಕೊಳ್ಳಿ. ಇವೆರಡರಲ್ಲೂ ತಿಂದ ಕಬ್ಬಿಣ ಸರಿಯಾಗಿ ಒಳಗೆ ಹೋಗುವುದಿಲ್ಲ.

ಇದೆಲ್ಲ ನಡೆಯುತ್ತಿರುವಾಗ ಮಾತ್ರೆ ಮತ್ತೆ ಶುರುಮಾಡಬಹುದು, ಕೊಲೊನೋಸ್ಕೋಪಿಯ ದಿನ ನೋಡಿಕೊಂಡು. 60ರಿಂದ 100 ಮಿಲಿಗ್ರಾಂ ಕಬ್ಬಿಣ, ದಿನಕ್ಕೊಂದೇ ಸಲ, ಕಾಫಿ-ಟೀಯಿಂದ ಒಂದು ಗಂಟೆ ದೂರ. ಎರಡು ಹೊತ್ತು ಕೊಟ್ಟು ಪ್ರಯೋಜನ ಕಡಿಮೆ. ಒಂದು ಮಾತ್ರೆ ಹೋದ ಮೇಲೆ ಸುಮಾರು ಒಂದು ದಿನ ಕರುಳು ಹೀರುವುದನ್ನು ತಗ್ಗಿಸುತ್ತದೆ, ಹೊಟ್ಟೆ ಕೆಡುವುದಷ್ಟೇ ಹೆಚ್ಚಾಗುತ್ತದೆ. ಮಲ ಕಪ್ಪುಹಸಿರಾದರೆ ಅದು ಮಾತ್ರೆಯ ಬಣ್ಣ, ಅಂಟಂಟಾಗಿ ವಿಪರೀತ ನಾರಿದರೆ ರಕ್ತ. ನಾಲ್ಕು ವಾರಕ್ಕೆ ಹಿಮೋಗ್ಲೋಬಿನ್ ಸುಮಾರು 2 ಏರಬೇಕು. ಹಿಂದಿನ ಸಲ 10.4ಕ್ಕೇ ನಿಲ್ಲಿಸಿದ್ದೀರಿ, ಸಂಗ್ರಹ ಆಗ ಇನ್ನೂ ತುಂಬಿರಲಿಲ್ಲ. ಹಿಮೋಗ್ಲೋಬಿನ್ ಸರಿಯಾದ ಮೇಲೂ ಮೂರು ತಿಂಗಳು ಕೊಡಬೇಕು.

ಎರಡೂ ಕಡೆ ನೋಡಿ ಏನೂ ಸಿಗದೆ, ಮಾತ್ರೆ ಬಿಟ್ಟಾಗ ಮತ್ತೆ ಇಳಿದರೆ ಮುಂದಿನದು ಸಣ್ಣಕರುಳಿಗೆ ಕ್ಯಾಪ್ಸೂಲ್ ಎಂಡೋಸ್ಕೋಪಿ. ಈ ಮಧ್ಯೆ ಎದೆನೋವು, ಕೂತಲ್ಲೇ ಏದುಸಿರು, ತಲೆಸುತ್ತಿ ಬೀಳುವುದು ಅಥವಾ ಡಾಂಬರಿನಂಥ ಮಲ ಕಂಡರೆ ಅಪಾಯಿಂಟ್‌ಮೆಂಟ್ ಕಾಯದೆ ಆಗಲೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.